ಕೊಟ್ಟ ಆಫರ್ ಹಿಂಪಡೆಯುವ ಪತ್ರ

ಬೆಂಗಳೂರಿನ ಕಂಪನಿಯೊಂದು ತನ್ನ ಅಕೌಂಟ್ಸ್ ವಿಭಾಗಕ್ಕೆ ಒಬ್ಬರನ್ನು ಆಯ್ಕೆ ಮಾಡಿದೆ ಎಂದುಕೊಳ್ಳಿ. ಆಫರ್ ಲೆಟರ್ ಹೋಗಿದೆ, ಅವರು ಒಪ್ಪಿ ಸಹಿ ಹಾಕಿದ್ದಾರೆ, ಸೇರುವ ದಿನವೂ ನಿಗದಿಯಾಗಿದೆ. ಅಷ್ಟರಲ್ಲಿ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ವರದಿ ಕೈಸೇರುತ್ತದೆ. ಹಿಂದಿನ ಕಂಪನಿಯಲ್ಲಿ 2023ರ ಮಾರ್ಚ್‌ವರೆಗೆ ಇದ್ದೆ ಎಂದು ಅಭ್ಯರ್ಥಿ ಬರೆದಿದ್ದಾರೆ. ಪಿಎಫ್ ದಾಖಲೆಯ ಪ್ರಕಾರ ಅವರು ಬಿಟ್ಟದ್ದು 2022ರ ಆಗಸ್ಟ್‌ನಲ್ಲಿ. ಅವರು ಕೊಟ್ಟಿರುವ ರಿಲೀವಿಂಗ್ ಲೆಟರನ್ನು ತಾನು ಕೊಟ್ಟೇ ಇಲ್ಲ ಎಂದು ಆ ಕಂಪನಿ ಹೇಳುತ್ತಿದೆ.

ಇಂಥ ಹೊತ್ತಿನಲ್ಲಿ ಎಚ್‌ಆರ್ ಮೇಜಿನಿಂದ ಸಾಮಾನ್ಯವಾಗಿ ಎರಡು ಬಗೆಯ ತಪ್ಪು ಪತ್ರಗಳು ಹೊರಡುತ್ತವೆ. ಒಂದು, ‘ಅನಿವಾರ್ಯ ಕಾರಣಗಳಿಂದ’ ಎಂದು ಜಾರಿಕೊಳ್ಳುವ ಪತ್ರ. ಕಾರಣ ತಿಳಿಯದ ಅಭ್ಯರ್ಥಿ ಏನನ್ನೂ ಸರಿಪಡಿಸಲಾರರು. ಮುಂದೆ ವಿವಾದವಾದರೆ, ಕಂಪನಿ ಆಮೇಲೆ ಹೇಳುವ ಕಾರಣ ಹೊಸದಾಗಿ ಹುಟ್ಟಿಸಿದಂತೆ ಕಾಣುತ್ತದೆ. ಇನ್ನೊಂದು, ‘ನೀವು ನಕಲಿ ದಾಖಲೆ ಸೃಷ್ಟಿಸಿ ವಂಚಿಸಿದ್ದೀರಿ’ ಎಂಬ ಪತ್ರ. ದಾಖಲೆ ಹೊಂದಿಕೆಯಾಗಲಿಲ್ಲ ಎಂಬುದು ಕಂಪನಿಗೆ ಗೊತ್ತಿರುವ ಸಂಗತಿ. ಅದನ್ನು ಯಾರು ಸೃಷ್ಟಿಸಿದರು, ಯಾವ ಉದ್ದೇಶದಿಂದ ಎಂಬುದು ಅದಕ್ಕೆ ಗೊತ್ತಿಲ್ಲ.

ಆದ್ದರಿಂದ ಮೊದಲು ಹೋಗಬೇಕಾದ್ದು ಪ್ರಶ್ನೆ. ಹೊಂದಿಕೆಯಾಗದ ಎರಡೂ ಅಂಶಗಳನ್ನು ಮೇಲ್‌ನಲ್ಲಿ ಬರೆದು, ವರದಿಯ ಆ ಭಾಗವನ್ನು ಜೊತೆಗಿಟ್ಟು, ಉತ್ತರಕ್ಕೆ ನಾಲ್ಕೈದು ಕೆಲಸದ ದಿನಗಳನ್ನು ಕೊಡಬೇಕು. ಪಿಎಫ್ ದಿನಾಂಕ ತಪ್ಪಾಗಿರುವುದಕ್ಕೆ ನಿರುಪದ್ರವಿ ಕಾರಣಗಳು ಬೇಕಾದಷ್ಟಿವೆ. ಹಳೆಯ ಕಂಪನಿ ನಿರ್ಗಮನ ದಿನಾಂಕವನ್ನು ತಪ್ಪಾಗಿ ನಮೂದಿಸಿರಬಹುದು. ಸಂಬಳ ನಡುವೆ ಗುತ್ತಿಗೆ ಸಂಸ್ಥೆಯೊಂದರ ಮೂಲಕ ಬಂದಿರಬಹುದು. ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಫಾರ್ಮ್ 16 ತಂದುಕೊಟ್ಟರೆ ಈ ಗಂಟು ಬಿಚ್ಚಿಕೊಳ್ಳುತ್ತದೆ. ಲೆಟರಿನ ವಿಷಯ ಅಷ್ಟು ಸುಲಭವಲ್ಲ. ಅದಕ್ಕೆ ಹಳೆಯ ಕಂಪನಿಯಿಂದಲೇ ಲಿಖಿತ ದೃಢೀಕರಣ ಬರಬೇಕು. ಫೋನಿನಲ್ಲಿ ಯಾರೋ ‘ನಮ್ಮದಲ್ಲ’ ಎಂದದ್ದು ಸಾಲದು.

ನಮ್ಮ ಉದಾಹರಣೆಯ ಅಭ್ಯರ್ಥಿ ದಿನಾಂಕದ ಗೊಂದಲಕ್ಕೆ ಒಪ್ಪುವಂಥ ವಿವರಣೆ ಕೊಟ್ಟರು, ಲೆಟರಿನ ಬಗ್ಗೆ ಕೊಡಲಾಗಲಿಲ್ಲ. ಹಳೆಯ ಕಂಪನಿಯೂ ಲಿಖಿತವಾಗಿ ನಿರಾಕರಿಸಿತು ಎನ್ನೋಣ. ಆಗ ಪತ್ರದಲ್ಲಿ ಲೆಟರಿನ ವಿಷಯ ಮಾತ್ರ ಇರಬೇಕು. ದಿನಾಂಕದ ಅನುಮಾನವನ್ನೂ ತುರುಕಿದರೆ, ಅಲುಗಾಡುವ ಆ ಕಾರಣ ಗಟ್ಟಿ ಕಾರಣವನ್ನೂ ದುರ್ಬಲಗೊಳಿಸುತ್ತದೆ. ಪತ್ರ ಹೀಗಿರಬಹುದು:

“ನಿಮಗೆ ಕಳುಹಿಸಿದ ಆಫರ್ ಪತ್ರದ 6ನೇ ಷರತ್ತಿನ ಪ್ರಕಾರ ನೇಮಕಾತಿಯು ತೃಪ್ತಿಕರ ವೆರಿಫಿಕೇಶನ್‌ಗೆ ಒಳಪಟ್ಟಿತ್ತು. ನೀವು ಸಲ್ಲಿಸಿದ ರಿಲೀವಿಂಗ್ ಲೆಟರನ್ನು ಹಿಂದಿನ ಉದ್ಯೋಗದಾತರು ದೃಢಪಡಿಸಿಲ್ಲ. ಈ ಬಗ್ಗೆ ನೀವು ಕಳುಹಿಸಿದ ಉತ್ತರವನ್ನು ಪರಿಶೀಲಿಸಿದ್ದೇವೆ. ಷರತ್ತು ಪೂರೈಕೆಯಾಗದ ಕಾರಣ ಆಫರನ್ನು ಹಿಂಪಡೆಯುತ್ತಿದ್ದೇವೆ. ಈ ಹಂತದವರೆಗೆ ನೀವು ನೀಡಿದ ಸಮಯ, ಸಹಕಾರಕ್ಕೆ ಕೃತಜ್ಞತೆಗಳು.”

ಇದರಲ್ಲಿ ಆರೋಪವಿಲ್ಲ, ‘ವಿಷಾದದಿಂದ ಮತ್ತೊಮ್ಮೆ ಯೋಚಿಸುತ್ತೇವೆ’ ಎಂಬ ಆಸೆಯ ಎಳೆಯೂ ಇಲ್ಲ. ಮೊದಲು ಫೋನ್ ಮಾಡಿ ತಿಳಿಸುವುದು ಒಳ್ಳೆಯ ನಡತೆ. ಆದರೆ ಪತ್ರದಲ್ಲಿಲ್ಲದ ಕಾರಣವನ್ನು ಫೋನಿನಲ್ಲಿ ಹೇಳಬಾರದು.

ಈ ಪತ್ರ ನಿಂತಿರುವುದು ಆ ಷರತ್ತಿನ ಮೇಲೆ. 1872ರ ಭಾರತೀಯ ಕರಾರು ಕಾಯ್ದೆ ಷರತ್ತುಬದ್ಧ ಕರಾರನ್ನು ಒಪ್ಪುತ್ತದೆ; ಷರತ್ತು ಈಡೇರದಿದ್ದರೆ ಕರಾರು ಜಾರಿಗೆ ಬರುವುದಿಲ್ಲ. ಆಫರ್ ಲೆಟರಿನಲ್ಲಿ ಆ ಸಾಲೇ ಇಲ್ಲದಿದ್ದರೆ ದಾರಿ ಇಕ್ಕಟ್ಟಾಗುತ್ತದೆ. ಸಹಿ ಬಿದ್ದ ಮೇಲೆ ಕರಾರು ಪೂರ್ಣವಾಗಿರುವುದರಿಂದ, ತಪ್ಪು ಮಾಹಿತಿಯಿಂದ ಒಪ್ಪಿಗೆ ಪಡೆದರು ಎಂದು 19ನೇ ಕಲಂನ ಅಡಿ ವಾದಿಸಬೇಕಾಗುತ್ತದೆ. ಸಾಮಾನ್ಯ ಎಚ್ಚರಿಕೆಯಿಂದ ಸತ್ಯ ತಿಳಿಯಬಹುದಿತ್ತಲ್ಲವೇ ಎಂಬ ಪ್ರಶ್ನೆಗೂ ಕಂಪನಿ ಅಲ್ಲಿ ಉತ್ತರಿಸಬೇಕಾಗಬಹುದು. ಅಂಥ ಪತ್ರವನ್ನು ವಕೀಲರಿಗೆ ತೋರಿಸದೆ ಕಳುಹಿಸಬೇಡಿ.

ಇನ್ನು ಪತ್ರ ಯಾರಿಗೆ ಹೋಗುತ್ತದೆ ಎಂಬುದು. ಅದು ಅಭ್ಯರ್ಥಿಗೆ ಮಾತ್ರ. ಅವರನ್ನು ಸೇರಿಸಿಕೊಳ್ಳಬೇಕಿದ್ದ ತಂಡಕ್ಕೆ ‘ಆಫರ್ ಹಿಂಪಡೆಯಲಾಗಿದೆ’ ಎಂದಷ್ಟೇ ಸಾಕು. ಮಾನನಷ್ಟವಾಗಲು ಆರೋಪ ಮೂರನೆಯವರ ಕಿವಿಗೆ ಬೀಳಬೇಕು. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಹೇಳುವುದು ಅದನ್ನೇ. ಇಡೀ ತಂಡಕ್ಕೆ ಸಿಸಿ ಹಾಕಿದ ಮೇಲ್, ಎಚ್‌ಆರ್‌ಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹರಿದಾಡುವ ‘ಇವರ ಬಗ್ಗೆ ಎಚ್ಚರ’ ಎಂಬ ಸಂದೇಶ, ಎರಡೂ ಆ ಅಪಾಯವನ್ನು ಕಂಪನಿಯ ಮೇಲೆ ತಾವಾಗಿಯೇ ಎಳೆದು ತರುತ್ತವೆ.

ಇಷ್ಟೆಲ್ಲ ಸರಿಯಾಗಿದ್ದರೂ, ಅಭ್ಯರ್ಥಿ ಈಗಿನ ಕೆಲಸಕ್ಕೆ ರಾಜೀನಾಮೆ ಕೊಟ್ಟ ಮೇಲೆ ಪತ್ರ ತಲುಪಿದರೆ ಆಗುವ ಪೆಟ್ಟು ದೊಡ್ಡದು. ಸದ್ಯದ ಕಂಪನಿಯಲ್ಲಿ ವಿಚಾರಿಸುವುದನ್ನು ಕೊನೆಗೆ ಇಟ್ಟುಕೊಳ್ಳಬೇಕು, ನಿಜ. ಆದರೆ ಪದವಿ, ಹಳೆಯ ಉದ್ಯೋಗಗಳ ಪರಿಶೀಲನೆಗೆ ಆ ಅಡ್ಡಿಯಿಲ್ಲ. ಎಚ್‌ಆರ್‌ ವಿಭಾಗದವರಲ್ಲಿ ಕೇಳಿಕೊಳ್ಳುವುದಿಷ್ಟೆ: ಆ ಭಾಗವನ್ನು ಮೊದಲು ಮುಗಿಸಿ, ಅದು ಮುಗಿಯುವವರೆಗೆ ರಾಜೀನಾಮೆ ಕೊಡಬೇಡಿ ಎಂದು ಅಭ್ಯರ್ಥಿಗೆ ಆಫರ್ ಲೆಟರಿನಲ್ಲೇ ಬರೆದು ತಿಳಿಸಿ.