ತಪ್ಪು ಸಂಖ್ಯೆಗೆ ಬಂದ ಸಂದೇಶ

ಆಕಸ್ಮಿಕದಿಂದ ಕಥೆಯನ್ನು ಆರಂಭಿಸುವುದು ಸುಲಭ. ಅದರಿಂದಲೇ ಮುಂದುವರಿಸುವುದು ಕಷ್ಟ. ತಪ್ಪು ಸಂಖ್ಯೆಗೆ ಹೋದ ಮೊಬೈಲು ಸಂದೇಶವೊಂದು ದಿನನಿತ್ಯದ ಹರಟೆಯಾಗಿ ಬೆಳೆಯುವ ಸಣ್ಣಕಥೆಯಲ್ಲಿ ಈ ಕಷ್ಟ ಎದ್ದು ಕಾಣುತ್ತದೆ. ಮೊದಲ ಸಂದೇಶಕ್ಕೆ ಬೆರಳು ಜಾರಿದರೆ ಸಾಕು. ಎರಡನೆಯದಕ್ಕೆ ಕಾರಣ ಬೇಕು.

ಆಸ್ಟ್ರಿಯದ ಲೇಖಕ ಡೇನಿಯಲ್ ಗ್ಲಾಟ್ಟೌವರ್ 2006ರಲ್ಲಿ ಪ್ರಕಟಿಸಿದ ಜರ್ಮನ್ ಕಾದಂಬರಿಯೊಂದು ಹೀಗೆಯೇ ಮೊದಲಾಗುತ್ತದೆ. ಪತ್ರಿಕೆಯ ಚಂದಾ ನಿಲ್ಲಿಸಲೆಂದು ಎಮ್ಮಿ ಎಂಬಾಕೆ ಬರೆದ ಮಿಂಚಂಚೆ, ವಿಳಾಸದಲ್ಲಿ ಒಂದಕ್ಷರ ಹೆಚ್ಚಾದ ಕಾರಣ, ಲಿಯೋ ಎಂಬ ಅಪರಿಚಿತನಿಗೆ ತಲಪುತ್ತದೆ. ಆ ಪ್ರಸಂಗ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಆತನ ವಿಳಾಸ ಆಕೆಯ ಪಟ್ಟಿಯಲ್ಲಿ ಉಳಿದುಬಿಟ್ಟಿರುತ್ತದೆ. ಕ್ರಿಸ್‌ಮಸ್‌ಗೆ ಎಲ್ಲರಿಗೂ ಕಳುಹಿಸಿದ ಶುಭಾಶಯ ಆತನಿಗೂ ಹೋಗುತ್ತದೆ. ಲೇಖಕರು ಎರಡನೆಯ ಕಾರಣವನ್ನು ಮೊದಲ ತಪ್ಪಿನಿಂದಲೇ ಹುಟ್ಟಿಸಿರುವ ರೀತಿಯನ್ನು ನಾನು ಮೆಚ್ಚಿದ್ದೇನೆ.

ಇದೇ ಸನ್ನಿವೇಶ ಕನ್ನಡದಲ್ಲಿ ಹೇಗೆ ನಡೆದೀತು? ಒಂದು ದೃಶ್ಯವನ್ನು ಕಲ್ಪಿಸಿಕೊಳ್ಳೋಣ. ಹಿಟ್ಟಿನ ಗಿರಣಿಗೆಂದು ಹೊರಟ ಸಂದೇಶ, ಮುದ್ರಣಾಲಯದಲ್ಲಿ ಕರಡು ತಿದ್ದುವವರೊಬ್ಬರಿಗೆ ಬರುತ್ತದೆ:

“ಅಣ್ಣಾ, ರಾಗಿ ಬಿಸಿ ಆಯ್ತಾ? ಸಂಜೆ ಬರ್ತೀನಿ.”

“ರಾಗಿ ತಣ್ಣಗೇ ಇದೆ. ಇದು ಗಿರಣಿಯಲ್ಲ. ಮತ್ತೆ, ‘ಬೀಸಿ’ ಎನ್ನುವಲ್ಲಿ ದೀರ್ಘ ಬಿಟ್ಟುಹೋಗಿದೆ.”

“ಕ್ಷಮಿಸಿ, ನಂಬರು ತಪ್ಪಿತು.”

ಮರುದಿನ ಯಾರು ಮೊದಲು ಬರೆಯಬೇಕು? ಕರಡು ತಿದ್ದುವವರು ಬರೆದರೆ ಅದು ಅತಿಕ್ರಮಣವೆನಿಸುತ್ತದೆ. ತಪ್ಪಿದವರಿಗಾದರೋ ಒಂದು ಸಣ್ಣ ಋಣವಿದೆ, ಅದನ್ನು ತೀರಿಸುವ ನೆಪವೂ ಇದೆ: “ರಾಗಿ ಬೀಸಿ ಆಯ್ತು. ದೀರ್ಘ ಸರಿ ಇದೆಯಾ?” “ಇದೆ. ಹತ್ತಕ್ಕೆ ಹತ್ತು.” ಇಲ್ಲಿ ‘ಅಣ್ಣಾ’ ಮಾಯವಾಗಿರುವುದನ್ನು ಓದುಗರು ಗಮನಿಸಬೇಕು. ಅದು ಗಿರಣಿಯವನಿಗೆ ಸಲ್ಲುವ ಮಾತು. ಈ ಅಪರಿಚಿತರಿಗೆ ಯಾವ ಸಂಬಂಧವಾಚಕವೂ ಇನ್ನೂ ಒದಗಿಲ್ಲ. ನಮ್ಮ ಭಾಷೆಯಲ್ಲಿ ಸಂಕೋಚವನ್ನು ವರ್ಣಿಸುವ ಅಗತ್ಯವಿಲ್ಲ; ಸಂಬೋಧನೆ ಇರಬೇಕಾದಲ್ಲಿ ಬಿಟ್ಟ ತೆರವೇ ಅದನ್ನು ತಿಳಿಸುತ್ತದೆ.

ಇನ್ನೊಂದು ಅನುಕೂಲವೂ ಕನ್ನಡಕ್ಕಿದೆ. ‘ಬರ್ತೀನಿ’ ಎಂದವರು ಗಂಡೋ ಹೆಣ್ಣೋ ಎಂಬುದು ಆ ಮಾತಿನಿಂದ ತಿಳಿಯದು. ಉತ್ತಮ ಪುರುಷ, ಮಧ್ಯಮ ಪುರುಷಗಳಲ್ಲಿ ನಮ್ಮ ಕ್ರಿಯಾಪದಕ್ಕೆ ಲಿಂಗಭೇದವಿಲ್ಲ. ಹಿಂದಿಯಲ್ಲಿ ‘ಆತಾ ಹೂಂ’, ‘ಆತೀ ಹೂಂ’ ಎಂಬಲ್ಲೇ ಗುಟ್ಟು ರಟ್ಟಾಗುತ್ತದೆ. ಕನ್ನಡದ ಕಥೆಗಾರ ಮಾತ್ರ ಇಬ್ಬರನ್ನೂ ‘ಅವರು’ ಎಂದು ಕರೆದು, ಈ ಕುತೂಹಲವನ್ನು ಎಷ್ಟು ದಿನವಾದರೂ ಕಾಯ್ದುಕೊಳ್ಳಬಹುದು. ನಾನೂ ಇದುವರೆಗೆ ಹಾಗೆಯೇ ಮಾಡಿದ್ದೇನೆ.

ಮೂರನೆಯ ದಿನದಿಂದ ತಪ್ಪಿನ ನೆಪ ಸವೆದುಹೋಗುತ್ತದೆ. ಆಟವೊಂದು ಅದರ ಜಾಗಕ್ಕೆ ಬರಬೇಕು. ಅಕ್ಷರದೋಷದಿಂದ ಹುಟ್ಟಿದ ಪರಿಚಯಕ್ಕೆ ಅಕ್ಷರದೋಷವೇ ಆಟವಾಗಲಿ. ದಿನಕ್ಕೊಂದು, ಸಂಜೆ, ಗಿರಣಿಗೆ ಹೋಗುವ ಹೊತ್ತಿಗೆ.

“ನಮ್ಮೂರ ಡೈರಿ ಗೋಡೆ ಮೇಲೆ ‘ಇಲ್ಲಿ ಹಾಳು ಸಿಗುತ್ತದೆ’ ಅಂತ ಬರೆದಿದ್ದಾರೆ. ನೀವೇ ಬಂದು ತಿದ್ದಿ.”

“ತಿದ್ದೋದು ಬೇಡ. ಕುಡಿದು ನೋಡಿದವರೇ ಬರೆದಿರಬಹುದು.”

ಈ ನಗೆಯ ಬೆನ್ನಿಗೇ ಮೌನ ಬರಬೇಕು. ‘ನೀವೇ ಬಂದು’ ಎಂದು ಬರೆದವರು ಅದನ್ನು ಮತ್ತೆ ಓದಿಕೊಂಡಾಗ, ಅದರೊಳಗೊಂದು ಆಹ್ವಾನ ಅಡಗಿರುವುದು ಕಾಣುತ್ತದೆ. ಅತ್ತ ಉತ್ತರಿಸಿದವರಿಗೆ, ‘ಬೇಡ’ ಎಂದದ್ದು ಒರಟಾಯಿತೇನೋ ಎಂಬ ಅಳುಕು. ಮರುದಿನ ಯಾರೂ ಬರೆಯುವುದಿಲ್ಲ. ಹರಟೆ ಅಭ್ಯಾಸವಾಗಿದೆಯೆಂಬುದನ್ನು ಅದು ತಪ್ಪಿದ ಈ ಒಂದು ದಿನವೇ ಇಬ್ಬರಿಗೂ ತಿಳಿಸುತ್ತದೆ. ಅವಸರದ ಬರಹಗಾರರು ಈ ದಿನವನ್ನು ಬಿಟ್ಟುಬಿಡುವುದರಿಂದಲೇ ಅವರ ಸಂಭಾಷಣೆ ಬರಿಯ ಚಾಟೂಕ್ತಿಗಳ ಮಾಲೆಯಾಗುತ್ತದೆ.

ಇಂದಿನ ಓದುಗರಿಗೆ ಮತ್ತೊಂದು ಶಂಕೆ ಸಹಜ. ತಪ್ಪು ಸಂಖ್ಯೆಯ ನೆಪದಲ್ಲಿ ಸ್ನೇಹ ಬೆಳೆಸಿ ಹಣ ಲಪಟಾಯಿಸುವ ವಂಚಕರು ಈಗ ಉಂಟು. ಕಥೆಗಾರನು ಈ ಭಯವನ್ನು ಕಡೆಗಣಿಸುವಂತಿಲ್ಲ. ವಂಚಕನ ಮಾತು ಬಹುಬೇಗ ಸಿಹಿಯಾಗುತ್ತದೆ, ಹೊಗಳುತ್ತದೆ, ಕೊನೆಗೆ ಏನನ್ನಾದರೂ ಕೇಳುತ್ತದೆ. ನಮ್ಮ ಕರಡಿನವರು ಮೊದಲ ಉತ್ತರದಲ್ಲೇ ತಪ್ಪು ಹಿಡಿದರು, ಹೆಸರನ್ನೂ ಕೇಳಲಿಲ್ಲ. ಓದುಗರ ನಂಬಿಕೆ ಅಲ್ಲಿ ಹುಟ್ಟುತ್ತದೆ.

ಮೌನದ ಮರುದಿನ, ಸಂಜೆಯ ಹೊತ್ತು ಮೀರಿ, ರಾತ್ರಿ ಒಂಬತ್ತಕ್ಕೆ ಕರಡು ತಿದ್ದುವವರೇ ಮೊತ್ತಮೊದಲ ಬಾರಿಗೆ ತಾವಾಗಿ ಬರೆಯುತ್ತಾರೆ: “ಊಟ ಆಯ್ತಾ?” ತಿದ್ದುವುದಕ್ಕೆ ಅದರಲ್ಲಿ ಏನೂ ಇಲ್ಲ. ನಾನಾದರೆ ಆ ದೃಶ್ಯವನ್ನು ಅಲ್ಲಿಗೇ ನಿಲ್ಲಿಸುತ್ತೇನೆ.