ಎಂಟು ಜನ, ಒಂದು ಟಿಟಿ, ಎರಡು ದಿನದ ಹಂಪಿ

ಕಾಲೇಜು ಮುಗಿಸಿ ಹತ್ತು ವರ್ಷವಾದ ಯಾವ ಗೆಳೆಯರ ಬಳಗ ನೋಡಿದರೂ "ಎಲ್ಲಾದ್ರೂ ಹೋಗೋಣ ಕಣ್ರೋ" ಅನ್ನುವ ಮಾತು ವರ್ಷಕ್ಕೆರಡು ಸಲ ಏಳುತ್ತದೆ. ಎಲ್ಲರೂ ಹೂಂ ಅನ್ನುತ್ತಾರೆ, ಯಾರೂ ಹೊರಡುವುದಿಲ್ಲ. ಇದು ಸೋಮಾರಿತನವಲ್ಲ. ಆ ಮಾತಿನಲ್ಲಿ ಬರ್ತೀನಿ, ಬರಲ್ಲ ಎಂದು ಹೇಳಲು ಏನೂ ಇರುವುದೇ ಇಲ್ಲ. ಯಾವತ್ತು, ಎಷ್ಟು ದುಡ್ಡು, ಹೋಗಿ ಮಾಡುವುದೇನು ಎಂಬುದನ್ನು ಯಾರಾದರೂ ಒಬ್ಬರು ಕೂತು ಯೋಚಿಸಿ ಒಂದು ಪತ್ರದಲ್ಲಿ ಬರೆಯಬೇಕು. ಎಂಟು ಗೆಳೆಯರನ್ನು ಹಂಪಿಗೆ ಕರೆಯುವ ಅಂಥ ಪತ್ರವೊಂದನ್ನು ಇಲ್ಲಿ ಬಿಡಿಸಿ ನೋಡೋಣ. ಐದು ಜನ ಬೆಂಗಳೂರಿನಲ್ಲಿ, ಇಬ್ಬರು ಮೈಸೂರಿನಲ್ಲಿ, ಒಬ್ಬಳು ಹುಬ್ಬಳ್ಳಿಯಲ್ಲಿ ಇದ್ದಾರೆ ಅಂದುಕೊಳ್ಳಿ.

ಊರು ಹಂಪಿಯೇ ಆಗಿರುವುದಕ್ಕೆ ರೈಲು ಒಂದು ಕಾರಣ. ಹಂಪಿ ಎಕ್ಸ್‌ಪ್ರೆಸ್ ಮೈಸೂರಿನಿಂದ ಹೊರಟು ಬೆಂಗಳೂರು, ಹೊಸಪೇಟೆ ಹಾದು ಹುಬ್ಬಳ್ಳಿಗೆ ಹೋಗುತ್ತದೆ. ಮೈಸೂರಿನವರೂ ಬೆಂಗಳೂರಿನವರೂ ಶುಕ್ರವಾರ ಅದೇ ಗಾಡಿ ಹತ್ತಿ ರಾತ್ರಿ ಮಲಗಿದರೆ ಬೆಳಗ್ಗೆ ಹೊಸಪೇಟೆ. ಅಲ್ಲಿಂದ ಹಂಪಿ ಹದಿಮೂರು ಕಿಲೋಮೀಟರ್. ಹುಬ್ಬಳ್ಳಿಯ ಗೆಳತಿಗೆ ಬಸ್ಸಿದೆ. ಭಾನುವಾರ ರಾತ್ರಿ ವಾಪಸ್ ಗಾಡಿ ಹತ್ತಿದರೆ ಬೆಂಗಳೂರಿನವರು ಸೋಮವಾರ ಆಫೀಸಿಗೂ ಹೋಗಬಹುದು, ನಿದ್ದೆಗಣ್ಣಲ್ಲಿ.

ದಿನಾಂಕದ ವಿಷಯದಲ್ಲಿ "ನಿಮಗೆ ಯಾವಾಗ ಅನುಕೂಲ?" ಎಂದು ಕೇಳಿದರೆ ಕೆಲಸ ಕೆಟ್ಟಿತು. ಎಂಟು ಜನ ಎಂಟು ವಾರ ಹೇಳುತ್ತಾರೆ. ಎರಡೇ ಆಯ್ಕೆ ಕೊಡಿ, ಅವನ್ನೂ ಹೆಚ್ಚು ಕಟ್ಟುಪಾಡಿರುವವರನ್ನು ನೋಡಿ ಆರಿಸಿ. ಬಳಗದಲ್ಲಿ ಬ್ಯಾಂಕಿನವರೊಬ್ಬರಿದ್ದರೆ ಎರಡನೇ ಅಥವಾ ನಾಲ್ಕನೇ ಶನಿವಾರವೇ ಆಗಬೇಕು. ಹಂಪಿಯ ಬಿಸಿಲಿಗೆ ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯದು. ಹಾಗಾಗಿ ನವೆಂಬರಿನ ನಾಲ್ಕನೇ ಶನಿವಾರ, ಇಲ್ಲವೇ ಡಿಸೆಂಬರಿನ ಎರಡನೇ ಶನಿವಾರ. ಡಿಸೆಂಬರಿಗೆ ಒಂದು ತೊಡಕಿದೆ. ಶಾಲಾ ಪ್ರವಾಸದ ಬಸ್ಸುಗಳ ಸಾಲು ಒಂದು ಕಡೆ. ಹನುಮದ್ ವ್ರತ ಆ ದಿನಗಳಲ್ಲೇ ಬಿದ್ದರೆ ಮಾಲಾಧಾರಿಗಳು ಸಾವಿರಗಟ್ಟಲೆ ಅಂಜನಾದ್ರಿಗೆ ಬರುತ್ತಾರೆ, ಆನೆಗೊಂದಿ ಕಡೆಯ ರಸ್ತೆ ಕಟ್ಟಿಕೊಳ್ಳುತ್ತದೆ. ಪಂಚಾಂಗ ನೋಡಿಯೇ ಆ ದಿನ ಬರೆಯಬೇಕು.

ಇನ್ನು ಉತ್ತರಕ್ಕೆ ಗಡುವು. ಅದನ್ನು ನಾವು ಇಟ್ಟೆವು ಅನ್ನುವುದಕ್ಕಿಂತ ರೈಲೇ ಇಡುತ್ತದೆ ಅನ್ನಬಹುದು. ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. 2024ರ ನವೆಂಬರಿಗೆ ಮುಂಚೆ ಅದು 120 ದಿನ ಇತ್ತು. ನವೆಂಬರಿನ ನಾಲ್ಕನೇ ವಾರಕ್ಕೆ ಅಂದರೆ ಸೆಪ್ಟೆಂಬರ್ ಕೊನೆಯ ವಾರ. ವಾರಾಂತ್ಯದ ಬರ್ತುಗಳು ಬೇಗ ತುಂಬುವುದರಿಂದ ತೆರೆದ ದಿನವೇ ಮಾಡಿಸುವುದು ಕ್ಷೇಮ. ಆದ್ದರಿಂದ ಪತ್ರ ಸೆಪ್ಟೆಂಬರ್ ಮೊದಲ ವಾರ ಹೋಗಬೇಕು, ಉತ್ತರ 15ರೊಳಗೆ ಬರಬೇಕು. ಆನ್‌ಲೈನಿನಲ್ಲಿ ಒಂದು ಟಿಕೆಟ್ಟಿಗೆ ಆರು ಜನರ ಹೆಸರಷ್ಟೇ ಹಿಡಿಯುತ್ತದೆ, ಏಳು ಜನ ಹತ್ತುವುದಿದ್ದರೆ ಎರಡು ಟಿಕೆಟ್ ಮಾಡಿಸಬೇಕು. "ನಾನು ಬರಲ್ಲ, ನನ್ನ ಟಿಕೆಟ್ಟಲ್ಲಿ ಅವನು ಬರ್ಲಿ" ಅನ್ನುವುದೂ ನಡೆಯದು. ಹೆಸರು ಬದಲಾಯಿಸಲು ರೈಲ್ವೆ ಒಪ್ಪುವುದು ಹೆಚ್ಚಾಗಿ ಮನೆಯವರ ನಡುವೆ, ಗೆಳೆತನ ಅದರ ಲೆಕ್ಕಕ್ಕಿಲ್ಲ.

ಪ್ರವಾಸಗಳು ಮುರಿದುಬೀಳುವುದು ಹೆಚ್ಚಾಗಿ ದುಡ್ಡಿನ ಹತ್ತಿರ. "ತಲೆಗೆ ಐದು ಸಾವಿರ ಆಗಬಹುದು" ಎಂಬ ಒಂದೇ ಸಾಲು ಸಾಲದು, ಏಕೆಂದರೆ ಖರ್ಚಿನಲ್ಲಿ ಎರಡು ಜಾತಿ ಇದೆ. ರೈಲು, ಊಟ, ಪ್ರವೇಶ ಶುಲ್ಕ ಬಂದವರಿಗಷ್ಟೇ. ಗಾಡಿ, ಗೈಡು ಹಾಗಲ್ಲ. ಎಂಟು ಜನ ಬಂದರೂ ಆರು ಜನ ಬಂದರೂ ಅಷ್ಟೇ. ಅಂದಾಜಿಗೆ ಎರಡು ದಿನದ ಟಿಟಿಗೆ 9,000, ಒಂದು ದಿನದ ಗೈಡಿಗೆ 2,400 ಹಿಡಿಯೋಣ; ಒಟ್ಟು 11,400. ರೂಮು ಇಬ್ಬರಿಗೆ ಒಂದರಂತೆ, ಒಂದಕ್ಕೆ 2,400. ರೈಲು ಹೋಗಿ ಬರಲು 600, ಊಟ 1,000, ಟಿಕೆಟ್ಟು ತೆಪ್ಪ ಸೇರಿ 300, ಕೈಮೀರಿದ್ದಕ್ಕೆ 475. ಎಂಟು ಜನರಾದರೆ ತಲೆಗೆ ಸರಿಯಾಗಿ 5,000 ಬರುತ್ತದೆ. ಆರು ಜನರಾದರೆ 5,475.

ಏಳಾದರೆ? ನಡುವೆ ಎಲ್ಲೋ ನಿಲ್ಲುತ್ತದೆ ಅನಿಸುತ್ತದೆ, ಆದರೆ ಏಳು ಜನಕ್ಕೂ ನಾಲ್ಕು ರೂಮು ಬೇಕು. ಲೆಕ್ಕ ಹಾಕಿದರೆ ತಲೆಗೆ ಸುಮಾರು 5,375, ಆರು ಜನರ ದರಕ್ಕೆ ನೂರು ರೂಪಾಯಿ ಕಡಿಮೆ ಅಷ್ಟೇ. ಕೊನೇ ಗಳಿಗೆಯಲ್ಲಿ ಒಬ್ಬ ಕೈಕೊಟ್ಟರೆ ಉಳಿದ ಏಳು ಜನ ತಲಾ 375 ಹೆಚ್ಚು ತೆರುತ್ತಾರೆ, ಕೂಡಿದರೆ 2,625. ಒಬ್ಬನ ಗೈರುಹಾಜರಿಯ ಬೆಲೆ ಅದು. ಅದಕ್ಕೆ ಅವನ ರೈಲು ಟಿಕೆಟ್ ಸೇರಿಸಿ. ಮುಂಗಡ ಎಷ್ಟು ಕೇಳಬೇಕು ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಸಿಕ್ಕಿತು: 3,000. ಸಾಮಾನ್ಯವಾಗಿ ಸಂಕೋಚಕ್ಕೆ 500 ಕೇಳುತ್ತೇವೆ. ಅಷ್ಟನ್ನು ಬಿಟ್ಟುಕೊಡಲು ಯಾರಿಗೂ ನೋವಾಗುವುದಿಲ್ಲ, ಹಾಗಾಗಿ ಅದು ಯಾರನ್ನೂ ಹಿಡಿದಿಡುವುದೂ ಇಲ್ಲ.

ಪತ್ರದ ಆ ಭಾಗ ಹೀಗಿರಬಹುದು:

"ಎಂಟೂ ಜನ ಬಂದ್ರೆ ತಲೆಗೆ 5,000. ಏಳು ಅಥವಾ ಆರಾದ್ರೆ 5,500 ಇಟ್ಕೊಳ್ಳಿ, ಮಿಕ್ಕಿದ್ದು ವಾಪಸ್. ಆರಕ್ಕಿಂತ ಕಡಿಮೆ ಆದ್ರೆ ಈ ಪ್ಲಾನ್ ಕ್ಯಾನ್ಸಲ್, ಕಾರಲ್ಲಿ ಹೋಗೋದನ್ನ ಬೇರೆ ಯೋಚ್ನೆ ಮಾಡೋಣ. ಸೆಪ್ಟೆಂಬರ್ 15ರೊಳಗೆ 3,000 ಹಾಕಿ. ಟಿಟಿ, ರೂಮು ಬುಕ್ ಆದ್ಮೇಲೆ ಯಾರಾದ್ರೂ ಬಿಟ್ರೆ, ಅವರ ಜಾಗಕ್ಕೆ ಇನ್ನೊಬ್ರು ಬಂದ್ರೆ ಮಾತ್ರ ದುಡ್ಡು ವಾಪಸ್, ಅದೂ ರೈಲು ಟಿಕೆಟ್ಟಿನದು ಬಿಟ್ಟು. ಕುಡಿಯೋ ಖರ್ಚು ಈ ಲೆಕ್ಕದಲ್ಲಿಲ್ಲ, ಕುಡಿಯೋರು ಅವರವರೇ ನೋಡ್ಕೊಳ್ಳಿ. ದುಡ್ಡಿನ ತೊಂದ್ರೆ ಇದ್ರೆ ಎಲ್ಲರ ಮುಂದೆ ಹೇಳೋದು ಬೇಡ, ನಂಗೊಂದು ಫೋನ್ ಮಾಡ್ರಪ್ಪಾ."

ಕೊನೆಯ ಸಾಲನ್ನು ಬಿಡಬಾರದು. ಹತ್ತು ವರ್ಷದಲ್ಲಿ ಒಂದೇ ಬೆಂಚಿನವರ ಸಂಬಳ ಒಂದೇ ಆಗಿ ಉಳಿದಿರುವುದಿಲ್ಲ. "ರಜೆ ಸಿಗಲಿಲ್ಲ" ಎಂಬ ಉತ್ತರದ ಹಿಂದೆ ಎಷ್ಟೋ ಸಲ ಇರುವುದು ಇದೇ.

ಏನು ಮಾಡುವುದು ಎಂಬುದರಲ್ಲಿ ಆಯ್ಕೆ ಕೊಡಬೇಕು, ಆದರೆ ಶನಿವಾರಕ್ಕಲ್ಲ. ವಿಜಯವಿಠ್ಠಲ ದೇವಸ್ಥಾನ, ಕಮಲ ಮಹಲ್, ಕಮಲಾಪುರದ ಮ್ಯೂಸಿಯಂ ಈ ಮೂರಕ್ಕೂ ಒಂದೇ ಟಿಕೆಟ್, ಅದು ಆ ದಿನಕ್ಕಷ್ಟೇ ನಡೆಯುತ್ತದೆ. ಗೈಡಿನ ಸಂಬಳವೂ ಒಂದು ದಿನದ್ದು. ಹಾಗಾಗಿ ಶನಿವಾರ ಎಲ್ಲರೂ ಒಟ್ಟಿಗೆ. ಆಯ್ಕೆಯೇನಿದ್ದರೂ ಭಾನುವಾರಕ್ಕೆ, ಅದೂ ಗಾಡಿಯ ಖರ್ಚು ಬದಲಾಗದ ಹಾಗೆ. ಬೆಳಗಿನ ಕತ್ತಲಲ್ಲಿ ಮಾತಂಗ ಬೆಟ್ಟ ಹತ್ತಿ ಸೂರ್ಯೋದಯ ನೋಡುವುದು ಒಂದು. ಮಂಡಿ ನೋವಿನವರು ಕೆಳಗೆ ವಿರೂಪಾಕ್ಷ ಗುಡಿಯ ಬೀದಿಯಲ್ಲಿ ಕಾಫಿ ಕುಡಿಯುತ್ತ ಕೂರಬಹುದು. ಇನ್ನೊಂದು ತುಂಗಭದ್ರೆಯಲ್ಲಿ ತೆಪ್ಪ. ಅಣೆಕಟ್ಟಿನಿಂದ ನೀರು ಬಿಟ್ಟರೆ ತೆಪ್ಪ ನಿಲ್ಲಿಸುತ್ತಾರೆ, ಆದ್ದರಿಂದ ಪತ್ರದಲ್ಲಿ ಅದರ ಪಕ್ಕ "ನೀರು ನೋಡಿಕೊಂಡು" ಎಂದು ಬರೆಯಿರಿ. ಮಧ್ಯಾಹ್ನದ ಮೇಲೆ ದರೋಜಿ ಕರಡಿಧಾಮ, ಇಲ್ಲವೇ ಆನೆಗೊಂದಿ ದಾರಿಯಾಗಿ ಹೋಗಿ ಅಂಜನಾದ್ರಿಯ 575 ಮೆಟ್ಟಿಲು. ಎರಡನ್ನೂ ಮಾಡಿ ರಾತ್ರಿಯ ರೈಲು ಹಿಡಿಯುತ್ತೇವೆ ಅನ್ನುವವರನ್ನು ನಂಬಬೇಡಿ. ಕರಡಿಗಳು ಬಂಡೆಯಿಂದ ಇಳಿಯುವುದು ಇಳಿಹೊತ್ತಿನಲ್ಲಿ, ಅಂಜನಾದ್ರಿಯಲ್ಲಿ ಜನ ನಿಲ್ಲುವುದೂ ಆಗಲೇ, ಒಂದು ಹೊಳೆಯ ಆ ದಂಡೆ, ಇನ್ನೊಂದು ಈ ದಂಡೆ. ಇವೆರಡರಲ್ಲಿ ಯಾವುದು ಎಂದು ಮೊದಲೇ ಕೈ ಎತ್ತಿಸಿ, ಹೆಚ್ಚು ಕೈ ಬಿದ್ದ ಕಡೆಗೆ ಟಿಟಿ ಹೋಗುತ್ತದೆ ಎಂದು ಬರೆದುಬಿಡಿ.

ಉತ್ತರದಲ್ಲಿ ಕೇಳಬೇಕಾದ್ದು ಮೂರು: ನವೆಂಬರೋ ಡಿಸೆಂಬರೋ, ಕರಡಿಯೋ ಬೆಟ್ಟವೋ, ಟಿಕೆಟ್ಟಿಗೆ ಬೇಕಾದ ಪೂರ್ತಿ ಹೆಸರು ಮತ್ತು ವಯಸ್ಸು. ಅಡ್ಡಹೆಸರಿನಲ್ಲೇ ಕರೆದು ಅಭ್ಯಾಸವಾದ ಬಳಗದಲ್ಲಿ ಈ ಮೂರನೆಯದು ಕೇಳದಿದ್ದರೆ, ಬುಕಿಂಗ್ ತೆರೆದ ಬೆಳಗ್ಗೆ ಎಂಟು ಗಂಟೆಗೆ ಒಬ್ಬೊಬ್ಬರಿಗೂ ಫೋನ್ ಮಾಡುವ ಪಾಡು ಪತ್ರ ಬರೆದವರದೇ.