ಮರೆತ ಪಾಸ್‌ವರ್ಡ್: ಶಾಖೆಗೆ ಹೋಗದೆ ಮರುಪ್ರವೇಶ

ಜೇವರ್ಗಿ ಕಾಲೋನಿಯ ತೊಗರಿ ವರ್ತಕರೊಬ್ಬರನ್ನು ಉದಾಹರಣೆಗೆ ಕಲ್ಪಿಸಿಕೊಳ್ಳೋಣ. ಅವರ ಸ್ವಂತ ಹೆಸರಿನ ಖಾತೆ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿದೆ. 2017ರ ಏಪ್ರಿಲ್ 1ರ ವಿಲೀನಕ್ಕೆ ಮುನ್ನ ಅದು ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದಿನದಾಗಿತ್ತು. ತಿಂಗಳ ಜಿಎಸ್‌ಟಿ ಪಾವತಿಗೆ 20ನೆಯ ತಾರೀಖು ಕಡೆಯ ದಿನ. 19ರಂದು ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ನೆನಪಾಗುತ್ತಿಲ್ಲ.

ಊಹೆಯ ಮೇಲೆ ಮತ್ತೆ ಮತ್ತೆ ಯತ್ನಿಸಿದರೆ ಲಾಗಿನ್‌ಗೇ ಬೀಗ ಬೀಳುತ್ತದೆ. ಆದ್ದರಿಂದ ಬ್ಯಾಂಕಿನ ಜಾಲತಾಣದ ವಿಳಾಸವನ್ನು ಸ್ವತಃ ಟೈಪ್ ಮಾಡಿ Forgot Login Password ಆರಿಸುವುದು ಲೇಸು. ಬಳಕೆದಾರರ ಹೆಸರು, ಖಾತೆ ಸಂಖ್ಯೆ, ನೋಂದಾಯಿತ ಮೊಬೈಲ್, ಜನ್ಮದಿನಾಂಕ ನೀಡಿದ ಮೇಲೆ ಮೊಬೈಲಿಗೆ ಒಟಿಪಿ ಬರುತ್ತದೆ. ಮುಂದಿನ ಮೂರು ದಾರಿಗಳಲ್ಲಿ ಎಟಿಎಂ ಕಾರ್ಡ್ ಅಥವಾ ಪ್ರೊಫೈಲ್ ಪಾಸ್‌ವರ್ಡಿನದನ್ನು ಹಿಡಿದರೆ ಅಲ್ಲಿಯೇ ಹೊಸ ಪಾಸ್‌ವರ್ಡ್ ಇಟ್ಟುಕೊಳ್ಳಬಹುದು. ಅವೆರಡೂ ಇಲ್ಲದವರ ಮೂರನೆಯ ದಾರಿ ಕಡೆಗೆ ಶಾಖೆಗೇ ಒಯ್ಯುತ್ತದೆ. ನೋಂದಾಯಿತ ಸಿಮ್ ಬಳಕೆಯಲ್ಲಿಲ್ಲದಿದ್ದರೆ ಒಟಿಪಿಯೇ ಬರದು. ಮೊದಲು ಸಂಖ್ಯೆ ಬದಲಿಸಬೇಕು.

ಬಳಕೆದಾರರ ಹೆಸರೂ ಮರೆತಿದ್ದರೆ ಹೊಸ ನೋಂದಣಿಗೆ ಅವಸರಪಡಬೇಕಿಲ್ಲ. Forgot Username ಎಂಬಲ್ಲಿ ಪಾಸ್‌ಬುಕ್ಕಿನಲ್ಲಿರುವ ಸಿಐಎಫ್ ಸಂಖ್ಯೆ ಕೊಟ್ಟರೆ ಹಳೆಯ ಹೆಸರೇ ದೊರೆಯುತ್ತದೆ.

ಮೋಸವಾಗುವುದು ಬಹುಮಟ್ಟಿಗೆ ಜಾಲದಲ್ಲಿ ಹುಡುಕಿ ಸಿಕ್ಕ "ಸಹಾಯವಾಣಿ"ಗೆ ಕರೆ ಮಾಡಿದಾಗ. ರಿಸರ್ವ್ ಬ್ಯಾಂಕಿನ ಆದೇಶದಂತೆ 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳು `.bank.in` ವಿಳಾಸಕ್ಕೆ ಬದಲಾಗಬೇಕಿತ್ತು. ಮೊದಲ ಓರೆಗೆರೆಗೆ ಮುನ್ನ ಆ ಅಂತ್ಯವಿದೆಯೇ ನೋಡಿ. ಕರೆ ಮಾಡಿದವರು ಒಟಿಪಿ ಕೇಳಿದರೆ, ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸಿದರೆ, ಅವರು ಬ್ಯಾಂಕಿನವರಲ್ಲ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.